ಹೆಬ್ಬಾಳದ ನೀರೂ ಕುದಿಬಿಂದುವಿನ ಲೆಕ್ಕವೂ

ದ್ವಿತೀಯ ಪಿ.ಯು.ಸಿ. ರಸಾಯನಶಾಸ್ತ್ರದಲ್ಲಿ ‘ದ್ರಾವಣಗಳು’ ಎಂಬ ಅಧ್ಯಾಯವೊಂದಿದೆ. ವಿಜ್ಞಾನವನ್ನು ಓದಿ ಆಮೇಲೆ ಕಲಾವಿಭಾಗಕ್ಕೆ ಬಂದ ನನ್ನಂಥವರಿಗೆ ಅದರ ಲೆಕ್ಕಗಳು ಇನ್ನೂ ನೆನಪಿರುತ್ತವೆ. ಅವುಗಳಲ್ಲಿ ಒಂದು ಬಗೆಯ ಲೆಕ್ಕ ಹೀಗಿರುತ್ತದೆ: 36 ಗ್ರಾಂ ಗ್ಲೂಕೋಸನ್ನು 500 ಗ್ರಾಂ ನೀರಿನಲ್ಲಿ ಕರಗಿಸಿದೆ, 1.013 ಬಾರ್ ಒತ್ತಡದಲ್ಲಿ ಈ ದ್ರಾವಣವು ಎಷ್ಟು ಡಿಗ್ರಿಗೆ ಕುದಿಯುತ್ತದೆ? ಗ್ಲೂಕೋಸಿನ ಅಣುತೂಕ 180. ನೀರಿನ ಸ್ಥಿರಾಂಕ 0.52.

ವಿದ್ಯಾರ್ಥಿಯು ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸುತ್ತಾನೆ. 36ನ್ನು 180ರಿಂದ ಭಾಗಿಸಿದರೆ 0.2 ಮೋಲ್. ಅದು ಅರ್ಧ ಕಿಲೋಗ್ರಾಂ ನೀರಿನಲ್ಲಿದೆ; ಆದ್ದರಿಂದ ಒಂದು ಕಿಲೋಗ್ರಾಂ ನೀರಿಗೆ 0.4 ಮೋಲ್. ಅದನ್ನು 0.52ರಿಂದ ಗುಣಿಸಿದರೆ 0.208 ಡಿಗ್ರಿ. ನೀರಿನ ಕುದಿಬಿಂದುವಾದ 100ಕ್ಕೆ ಇದನ್ನು ಕೂಡಿಸಿದರೆ 100.208 ಡಿಗ್ರಿ ಸೆಲ್ಸಿಯಸ್. ಉತ್ತರ ಸರಿ, ಅಂಕಗಳೂ ಪೂರ್ತಿ.

ಆದರೆ ಇದೇ ದ್ರಾವಣವನ್ನು ಹೆಬ್ಬಾಳದಲ್ಲೋ ಯಲಹಂಕದಲ್ಲೋ ಒಲೆಯ ಮೇಲಿಟ್ಟು ಉಷ್ಣಮಾಪಕವನ್ನು ಅದ್ದಿ ನೋಡಿದರೆ, ಅದು ಸುಮಾರು 97.2 ಡಿಗ್ರಿಗೇ ಕುದಿಯುತ್ತದೆ. ಪುಸ್ತಕದ ಉತ್ತರಕ್ಕೂ ಇದಕ್ಕೂ 3 ಡಿಗ್ರಿಯ ಅಂತರ. ನಾವು ಕಷ್ಟಪಟ್ಟು ಲೆಕ್ಕಹಾಕಿದ ಏರಿಕೆ ಒಂದು ಡಿಗ್ರಿಯ ಐದನೆಯ ಒಂದು ಭಾಗ ಮಾತ್ರ. ತಪ್ಪಿಹೋದದ್ದು ಅದರ ಹದಿನೈದರಷ್ಟು. ಹಾಗಾದರೆ ಸೂತ್ರವೇ ಸುಳ್ಳೆ? ಸುಳ್ಳಲ್ಲ. ಸೂತ್ರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಬಿಡಿಸಿ ನೋಡಿದರೆ ಈ ಅಧ್ಯಾಯದ ಬಹುಪಾಲು ತಾನಾಗಿ ತಿಳಿಯುತ್ತದೆ.

ಮೊದಲು ಆ 3 ಡಿಗ್ರಿಯ ಮಾತು. ಎಲ್ಲ ಉಷ್ಣತೆಯಲ್ಲಿಯೂ ನೀರಿನ ಮೇಲ್ಮೈಯಿಂದ ಅಣುಗಳು ಆವಿಯಾಗಿ ಹೊರಬೀಳುತ್ತಿರುತ್ತವೆ. ಈ ಆವಿಗೆ ತನ್ನದೇ ಒಂದು ಒತ್ತಡವಿದೆ. ನೀರು ಬಿಸಿಯಾದಷ್ಟೂ ಅದು ಹೆಚ್ಚುತ್ತದೆ. ಆವಿಯ ಒತ್ತಡವು ಹೊರಗಿನ ವಾಯುಭಾರಕ್ಕೆ ಸಮನಾದ ಕ್ಷಣದಲ್ಲಿ ನೀರಿನ ಒಡಲಿನೊಳಗೇ ಗುಳ್ಳೆಗಳು ಹುಟ್ಟಿ ಮೇಲೇಳಬಲ್ಲವು. ಅದನ್ನೇ ನಾವು ಕುದಿಯುವುದು ಎನ್ನುತ್ತೇವೆ. ಆದ್ದರಿಂದ ಕುದಿಬಿಂದುವೆಂಬುದು ನೀರಿನ ಸ್ವಂತ ಸ್ವತ್ತಲ್ಲ. ನೀರೂ ಅದರ ಮೇಲಿನ ಗಾಳಿಯೂ ಸೇರಿ ಗೊತ್ತುಮಾಡುವ ಸಂಖ್ಯೆ.

ಮಂಗಳೂರಿನಂಥ ಕಡಲತೀರದ ಊರಿನಲ್ಲಿ ವಾಯುಭಾರ ಸುಮಾರು 760 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರಿಗೂ ಮೇಲಿದೆ. ಅಷ್ಟು ಗಾಳಿ ನಮ್ಮ ಕೆಳಗೇ ಉಳಿದುಹೋದದ್ದರಿಂದ ಇಲ್ಲಿನ ವಾಯುಭಾರ ಸುಮಾರು 682 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ನೀರಿನ ಆವಿಯ ಒತ್ತಡದ ಪಟ್ಟಿಯನ್ನು ತೆಗೆದು ನೋಡಿದರೆ 96 ಡಿಗ್ರಿಗೆ 657.6, 97 ಡಿಗ್ರಿಗೆ 682.1, 98 ಡಿಗ್ರಿಗೆ 707.3 ಮಿಲಿಮೀಟರ್ ಎಂದಿರುತ್ತದೆ. ಹಾಗಾಗಿ ನಮ್ಮಲ್ಲಿ ಶುದ್ಧ ನೀರು 97 ಡಿಗ್ರಿಗೆ ಕುದಿಯುತ್ತದೆ. ಯಶವಂತಪುರ, ಆರ್.ಟಿ. ನಗರ, ಹೆಬ್ಬಾಳ, ಯಲಹಂಕಗಳ ನಡುವಿನ ಏರುತಗ್ಗುಗಳಿಂದ ಆಗುವ ವ್ಯತ್ಯಾಸ ಅತ್ಯಲ್ಪ. 10 ಮೀಟರ್ ಮೇಲೇರಿದರೆ ಕುದಿಬಿಂದು 0.03 ಡಿಗ್ರಿಯಷ್ಟು ಇಳಿಯುತ್ತದೆ. ಆದರೆ 1,478 ಮೀಟರ್ ಎತ್ತರದ ನಂದಿಬೆಟ್ಟದ ತುದಿಗೆ ಹೋದರೆ ಅದು ಸುಮಾರು 95 ಡಿಗ್ರಿಗೆ ಇಳಿದಿರುತ್ತದೆ.

ನಮ್ಮ ಕಡೆಯ ಕೊಳವೆಬಾವಿಯ ನೀರು ಗಡಸು, ಅದರಿಂದಲೇ ಈ ವ್ಯತ್ಯಾಸ ಎಂದು ಯಾರಾದರೂ ಹೇಳಬಹುದು. ಅದು ಹೊಂದುವುದಿಲ್ಲ. ಕರಗಿದ ಲವಣವು ಕುದಿಬಿಂದುವನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಲೀಟರಿಗೆ ಒಂದು ಗ್ರಾಂ ಲವಣವಿದ್ದರೂ, ಅದೆಲ್ಲವನ್ನೂ ಅಡಿಗೆಯ ಉಪ್ಪೆಂದೇ ಎಣಿಸಿದರೂ, ಏರಿಕೆ 0.02 ಡಿಗ್ರಿಯನ್ನು ಮುಟ್ಟುವುದಿಲ್ಲ.

ಇನ್ನು ಆ ಸಣ್ಣ ಏರಿಕೆಯ ವಿಷಯ. ನೀರಿನಲ್ಲಿ ಗ್ಲೂಕೋಸ್ ಕರಗಿದಾಗ, ಹಾರಿಹೋಗಲಾರದ ಗ್ಲೂಕೋಸ್ ಅಣುಗಳು ನೀರಿನ ಅಣುಗಳ ನಡುವೆ ಸೇರಿಕೊಳ್ಳುತ್ತವೆ. ಒಟ್ಟು ಅಣುಗಳಲ್ಲಿ ನೀರಿನ ಪಾಲು ಎಷ್ಟು ಕಡಿಮೆಯಾಯಿತೋ ಆವಿಯ ಒತ್ತಡವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಇದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೌಲ್ಟ್ 1880ರ ದಶಕದಲ್ಲಿ ಪ್ರಯೋಗಗಳಿಂದ ಕಂಡುಕೊಂಡ ನಿಯಮ. ನಮ್ಮ ದ್ರಾವಣಕ್ಕೆ ಇದನ್ನು ಅನ್ವಯಿಸೋಣ. ಒಂದು ಕಿಲೋಗ್ರಾಂ ನೀರಿನಲ್ಲಿ 55.5 ಮೋಲ್ ನೀರಿದೆ; ಅದಕ್ಕೆ 0.4 ಮೋಲ್ ಗ್ಲೂಕೋಸ್ ಸೇರಿದೆ. 0.4ನ್ನು 55.9ರಿಂದ ಭಾಗಿಸಿದರೆ 0.00716, ಅಂದರೆ ಸಾವಿರಕ್ಕೆ ಏಳು ಅಣುಗಳು ಗ್ಲೂಕೋಸಿನವು. 97 ಡಿಗ್ರಿಯಲ್ಲಿ 682 ಮಿಲಿಮೀಟರ್ ಇರಬೇಕಾಗಿದ್ದ ಆವಿಯ ಒತ್ತಡ ಇದರಿಂದ 4.9 ಮಿಲಿಮೀಟರಿನಷ್ಟು ತಗ್ಗುತ್ತದೆ.

ಈಗ ಅದು ವಾಯುಭಾರಕ್ಕೆ ಸಮನಾಗಿಲ್ಲ, ಆದ್ದರಿಂದ ಕುದಿಯಲಾರದು. ಕೊರತೆಯಾದ 4.9 ಮಿಲಿಮೀಟರನ್ನು ತುಂಬಲು ದ್ರಾವಣವನ್ನು ಇನ್ನಷ್ಟು ಕಾಯಿಸಬೇಕು. ಮೇಲಿನ ಪಟ್ಟಿಯನ್ನು ಮತ್ತೆ ನೋಡಿದರೆ, 97ರ ಸುತ್ತಮುತ್ತ ಒಂದು ಡಿಗ್ರಿಗೆ ಸುಮಾರು 25 ಮಿಲಿಮೀಟರ್ ಒತ್ತಡ ಹೆಚ್ಚುತ್ತದೆ. 4.9ನ್ನು 25ರಿಂದ ಭಾಗಿಸಿ, 0.196 ಬಂತು. ಅಂದರೆ 0.2 ಡಿಗ್ರಿ. ಸೂತ್ರದ ಹಂಗಿಲ್ಲದೆಯೇ ಏರಿಕೆ ನಮ್ಮ ಕೈಗೆ ಸಿಕ್ಕಿತು. ಪುಸ್ತಕದ ಸೂತ್ರ

ΔTb = Kb × m

ಎಂಬುದು ಈ ಎರಡು ಹೆಜ್ಜೆಗಳನ್ನು ಒಂದರಲ್ಲಿ ಮಡಿಸಿಟ್ಟದ್ದು. ಇಲ್ಲಿ m ಎಂಬುದು ಒಂದು ಕಿಲೋಗ್ರಾಂ ದ್ರಾವಕದಲ್ಲಿರುವ ಮೋಲುಗಳು, ಅಂದರೆ ಮೋಲಾಲಿಟಿ. Kb ಎಂಬುದು ದ್ರಾವಕದ ಸ್ಥಿರಾಂಕ. ಇದರೊಳಗೆ ಗ್ಲೂಕೋಸಿನ ಹೆಸರೇ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ಎಷ್ಟು ಕಣಗಳಿವೆ ಎಂಬುದೊಂದೇ ಲೆಕ್ಕಕ್ಕೆ ಬರುತ್ತದೆ. ಅವು ಯಾವ ಜಾತಿಯವು, ಎಷ್ಟು ದಪ್ಪ, ಸಿಹಿಯೋ ಕಹಿಯೋ ಎಂಬುದನ್ನು ಯಾರೂ ಕೇಳುವುದಿಲ್ಲ. ಹೀಗೆ ತಲೆಯೆಣಿಕೆಯಿಂದ ಮಾತ್ರ ನಿರ್ಧಾರವಾಗುವ ಗುಣಗಳಿಗೆ ಅಣುಸಂಖ್ಯಾವಲಂಬಿ ಗುಣಗಳೆಂದು ಹೆಸರು. ತರಗತಿಯಲ್ಲಿ ಕೊಲಿಗೇಟಿವ್ ಗುಣಗಳೆನ್ನುತ್ತಾರೆ. ಆವಿಯ ಒತ್ತಡದ ಇಳಿಕೆ, ಕುದಿಬಿಂದುವಿನ ಏರಿಕೆ, ಘನೀಕರಣ ಬಿಂದುವಿನ ಇಳಿಕೆ, ಆಸ್ಮಾಟಿಕ್ ಒತ್ತಡ, ಈ ನಾಲ್ಕೂ ಅಂಥವು.

ಸ್ಥಿರಾಂಕವೂ ನಮ್ಮ ಊರಿನಲ್ಲಿ ಬದಲಾಗುವುದಿಲ್ಲವೆ ಎಂದರೆ, ಅಲ್ಪಸ್ವಲ್ಪ ಬದಲಾಗುತ್ತದೆ. ಅದು ಕುದಿಯುವ ಉಷ್ಣತೆಯ ವರ್ಗವನ್ನು ಅವಲಂಬಿಸಿದೆ. ಇಲ್ಲಿ ಉಷ್ಣತೆಯನ್ನು ಕೆಲ್ವಿನ್ನಿನಲ್ಲಿ ಅಳೆಯಬೇಕು. 373ರ ಬದಲು 370 ಬಂದರೆ ವರ್ಗವು ನೂರಕ್ಕೆ ಒಂದೂವರೆಯಷ್ಟು ತಗ್ಗುತ್ತದೆ. ಪುಸ್ತಕಗಳು 0.52 ಎಂದು ಕೊಡುವ, ಹೆಚ್ಚು ನಿಖರವಾಗಿ 0.512 ಎನ್ನುವ ಸಂಖ್ಯೆ ಬೆಂಗಳೂರಿನಲ್ಲಿ ಸುಮಾರು 0.50 ಆಗುತ್ತದೆ. ಏರಿಕೆಯು 0.208 ಆಗಿದ್ದದ್ದು 0.20 ಆಯಿತು, ಅಷ್ಟೇ. ಆದ್ದರಿಂದ ಮೊದಲ ಪ್ರಶ್ನೆಗೆ ಉತ್ತರ ಇದು: ಸೂತ್ರವು ಏರಿಕೆಯನ್ನು ಮಾತ್ರ ಹೇಳುತ್ತದೆ, ಅದು ಹೆಬ್ಬಾಳದಲ್ಲಿಯೂ ಮಂಗಳೂರಿನಲ್ಲಿಯೂ ಹೆಚ್ಚುಕಡಮೆ ಒಂದೇ. ಯಾವ ಮಟ್ಟದಿಂದ ಏರಿಕೆ ಎಂಬುದನ್ನು ಸೂತ್ರ ಹೇಳುವುದಿಲ್ಲ. ಅದನ್ನು ಹೇಳುವುದು ಪ್ರಶ್ನೆಯಲ್ಲಿರುವ ‘1.013 ಬಾರ್ ಒತ್ತಡದಲ್ಲಿ’ ಎಂಬ ಮೂರು ಪದಗಳು. ಆ ಪದಗಳಿದ್ದರೆ 100ಕ್ಕೆ ಕೂಡಿಸಬೇಕು; ‘ಬೆಂಗಳೂರಿನಲ್ಲಿ’ ಎಂದಿದ್ದರೆ 97ಕ್ಕೆ.

ಈ ಲೆಕ್ಕಗಳಲ್ಲಿ ಹೆಚ್ಚು ಜನ ಎಡವುವುದು ಮೋಲಾರಿಟಿ, ಮೋಲಾಲಿಟಿ ಎಂಬ ಎರಡು ಪದಗಳಲ್ಲಿ. ಒಂದಕ್ಷರದ ವ್ಯತ್ಯಾಸವಾದರೂ ಅರ್ಥ ಬೇರೆ. ಮೋಲಾರಿಟಿಯು ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಎಂದು ಕೇಳುತ್ತದೆ. ಮೋಲಾಲಿಟಿಯು ಒಂದು ಕಿಲೋಗ್ರಾಂ ದ್ರಾವಕದಲ್ಲಿ ಎಷ್ಟು ಮೋಲ್ ಎಂದು ಕೇಳುತ್ತದೆ. ಒಂದಕ್ಕೆ ಅಳತೆ ಬೇಕು, ಇನ್ನೊಂದಕ್ಕೆ ತೂಕ. ಕುದಿಬಿಂದುವಿಗೆ ತೂಕವೇ ಏಕೆ ಬೇಕೆಂದರೆ, ಬಿಸಿಯಾದಾಗ ದ್ರವ ಹಿಗ್ಗುತ್ತದೆ. ಪ್ರಯೋಗಶಾಲೆಯ 27 ಡಿಗ್ರಿಯಲ್ಲಿ ಸರಿಯಾಗಿ ಒಂದು ಲೀಟರ್ ಇದ್ದ ನೀರು 97 ಡಿಗ್ರಿಯಲ್ಲಿ ಸುಮಾರು 1.04 ಲೀಟರ್ ಆಗಿರುತ್ತದೆ. ಒಂದು ಕಣವೂ ಬರದೆ, ಒಂದೂ ಹೋಗದೆ, 1 ಮೋಲಾರಿಟಿ ಎಂದು ಚೀಟಿ ಹಚ್ಚಿದ ದ್ರಾವಣ 0.96ಕ್ಕೆ ಇಳಿಯಿತು. ತಕ್ಕಡಿಗೆ ಈ ಗೊಂದಲವಿಲ್ಲ. ಒಂದು ಕಿಲೋಗ್ರಾಂ ನೀರು ತಣ್ಣಗಿದ್ದರೂ ಬಿಸಿಯಾದರೂ ಒಂದು ಕಿಲೋಗ್ರಾಮೇ.

ಬಹಳ ತೆಳುವಾದ ದ್ರಾವಣದಲ್ಲಿ ಎರಡೂ ಸಂಖ್ಯೆಗಳು ಹೆಚ್ಚುಕಡಮೆ ಒಂದೇ ಆಗಿರುತ್ತವೆ. ಅದರಿಂದಲೇ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟವರಿಗೆ ತಪ್ಪು ತಿಳಿಯುವುದಿಲ್ಲ. ಗಟ್ಟಿ ದ್ರಾವಣದಲ್ಲಿ ಅದು ಬಯಲಾಗುತ್ತದೆ. ಲೀಟರಿಗೆ 342 ಗ್ರಾಂ ಸಕ್ಕರೆಯಿರುವ ಪಾಕವನ್ನು ತೆಗೆದುಕೊಳ್ಳೋಣ. ಸಕ್ಕರೆಯ ಅಣುತೂಕ 342 ಆದ್ದರಿಂದ ಇದು ಸರಿಯಾಗಿ 1 ಮೋಲಾರಿಟಿ. ಇದರ ಸಾಂದ್ರತೆ ಮಿಲಿಲೀಟರಿಗೆ 1.13 ಗ್ರಾಂ. ಹಾಗಾದರೆ ಒಂದು ಲೀಟರ್ ಪಾಕದ ತೂಕ 1,130 ಗ್ರಾಂ. ಅದರಲ್ಲಿ 342 ಗ್ರಾಂ ಸಕ್ಕರೆಯನ್ನು ಕಳೆದರೆ ಉಳಿಯುವ ನೀರು 788 ಗ್ರಾಂ. ಅಷ್ಟು ನೀರಿಗೆ 1 ಮೋಲ್ ಎಂದರೆ ಕಿಲೋಗ್ರಾಮಿಗೆ 1.27 ಮೋಲ್. ಮೋಲಾರಿಟಿಯನ್ನೇ ಸೂತ್ರಕ್ಕೆ ಹಾಕಿದವನು ಏರಿಕೆ 0.52 ಎಂದು ಬರೆಯುತ್ತಾನೆ, ಬರೆಯಬೇಕಾದದ್ದು 0.66. ಈ ಲೆಕ್ಕದಲ್ಲಿ ಎಚ್ಚರ ಬೇಕಾದ ಹೆಜ್ಜೆ ಒಂದೇ, ಆ ಕಳೆಯುವ ಹೆಜ್ಜೆ. ಸಾಂದ್ರತೆಯಿಂದ ಬರುವುದು ಇಡೀ ದ್ರಾವಣದ ತೂಕ. ಭಾಗಿಸಬೇಕಾದದ್ದು ನೀರಿನ ತೂಕದಿಂದ.

ಮೋಲಾಲಿಟಿಯು ಉಷ್ಣತೆಯಿಂದ ಬದಲಾಗುವುದಿಲ್ಲ ಎಂಬ ಮಾತನ್ನು ಕುದಿಸಿದರೂ ಬದಲಾಗುವುದಿಲ್ಲ ಎಂದು ತಿಳಿಯಬಾರದು. ತೆರೆದ ಪಾತ್ರೆಯಲ್ಲಿ ನಮ್ಮ ಗ್ಲೂಕೋಸ್ ದ್ರಾವಣ ಕುದಿಯುತ್ತಿದ್ದರೆ ಹೊರಗೆ ಹೋಗುವುದು ನೀರು ಮಾತ್ರ. 500 ಗ್ರಾಮಿನಲ್ಲಿ 100 ಗ್ರಾಂ ಹೋಗಿ 400 ಉಳಿದಾಗ ಮೋಲಾಲಿಟಿ 0.4ರಿಂದ 0.5ಕ್ಕೆ ಏರಿರುತ್ತದೆ, ಏರಿಕೆಯು 0.20ರಿಂದ 0.25 ಆಗಿರುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ. ಶುದ್ಧ ನೀರು ಕುದಿಯುವಾಗ ಉಷ್ಣಮಾಪಕದ ಪಾದರಸ ಒಂದೇ ಕಡೆ ನಿಂತಿರುತ್ತದೆ. ದ್ರಾವಣ ಕುದಿಯುವಾಗ ಅದು ನಿಧಾನವಾಗಿ ಮೇಲಕ್ಕೆ ತೆವಳುತ್ತದೆ. ಹಾಗಾಗಿ ಪ್ರಯೋಗದಲ್ಲಿ ಆವಿಯನ್ನು ತಣಿಸಿ ಮತ್ತೆ ಪಾತ್ರೆಗೇ ಇಳಿಸುವ ಕೊಳವೆಯನ್ನು ಜೋಡಿಸುತ್ತಾರೆ.

ಇಷ್ಟು ಕಷ್ಟಪಟ್ಟು ಏರಿಕೆಯನ್ನು ಅಳೆಯುವುದರ ಉದ್ದೇಶವೇನು? ತಿಳಿಯದ ವಸ್ತುವಿನ ಅಣುತೂಕವನ್ನು ಕಂಡುಹಿಡಿಯುವುದು. ಈ ಗುಣ ತಲೆಯೆಣಿಕೆಯಾದದ್ದರಿಂದ, ಗೊತ್ತಾದ ತೂಕದಲ್ಲಿ ಎಷ್ಟು ಕಣಗಳಿವೆ ಎಂದು ಅದು ಹೇಳುತ್ತದೆ. ತೂಕವನ್ನು ಸಂಖ್ಯೆಯಿಂದ ಭಾಗಿಸಿದರೆ ಒಂದೊಂದರ ತೂಕ ಸಿಗುತ್ತದೆ. ನಮ್ಮ ಊರಿನಲ್ಲಿ ಇದನ್ನು ಮಾಡುವಾಗ ಎದುರಾಗುವ ಒಂದು ತೊಡಕನ್ನು ಸಂಖ್ಯೆಗಳೊಡನೆ ನೋಡೋಣ.

ಸಮುದ್ರಮಟ್ಟದ 100ನ್ನೇ ಹಿಡಿದವನು ಬೇಗನೆ ಎಚ್ಚರಗೊಳ್ಳುತ್ತಾನೆ. 97.2ರಿಂದ 100ನ್ನು ಕಳೆದರೆ ಏರಿಕೆಯ ಬದಲು ಇಳಿಕೆ ಬರುತ್ತದೆ; ಅಣುತೂಕ ಸೊನ್ನೆಗಿಂತ ಕಡಿಮೆಯಾಗುತ್ತದೆ. ಅಂಥ ಉತ್ತರವನ್ನು ಯಾರೂ ನಂಬುವುದಿಲ್ಲ. ಅಪಾಯವಿರುವುದು ನಂಬುವಂಥ ತಪ್ಪಿನಲ್ಲಿ. ಉಷ್ಣವಲಯದ ಊರುಗಳಲ್ಲಿ ವಾಯುಭಾರವು ಮಳೆ ಮೋಡಗಳ ಹಂಗಿಲ್ಲದೆ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಹಗಲಿನಲ್ಲಿ ಬೆಳಗಿನ 10 ಗಂಟೆಯ ಹೊತ್ತಿಗೆ ಅದು ಹೆಚ್ಚು, ಸಂಜೆ 4 ಗಂಟೆಯ ಹೊತ್ತಿಗೆ ಕಡಿಮೆ. ಇವೆರಡರ ಅಂತರ ಸಾಮಾನ್ಯವಾಗಿ 3ರಿಂದ 4 ಮಿಲಿಬಾರ್. 3 ಮಿಲಿಬಾರ್ ಎಂದರೆ 2.25 ಮಿಲಿಮೀಟರ್ ಪಾದರಸ. 25 ಮಿಲಿಮೀಟರಿಗೆ ಒಂದು ಡಿಗ್ರಿಯಂತೆ ಇದು ಕುದಿಬಿಂದುವನ್ನು 0.09 ಡಿಗ್ರಿಯಷ್ಟು ಕೆಳಗಿಳಿಸುತ್ತದೆ.

ಒಬ್ಬ ವಿದ್ಯಾರ್ಥಿಯು 36 ಗ್ರಾಂ ಗ್ಲೂಕೋಸನ್ನು ಅದೇನೆಂದು ತಿಳಿಯದೆ 500 ಗ್ರಾಂ ನೀರಿನಲ್ಲಿ ಕರಗಿಸಿದನೆಂದು ಭಾವಿಸೋಣ. ಶುದ್ಧ ನೀರಿನ ಕುದಿಬಿಂದುವನ್ನು ಬೆಳಗ್ಗೆ 10 ಗಂಟೆಗೆ ನೋಡಿದ, 97.05 ಎಂದು ಬರೆದುಕೊಂಡ. ಊಟ ಮುಗಿಸಿ, ಇನ್ನೆರಡು ತರಗತಿಗಳನ್ನು ಕೇಳಿ, 4 ಗಂಟೆಗೆ ದ್ರಾವಣವನ್ನು ಕುದಿಸಿದ. ಅಷ್ಟರಲ್ಲಿ ನೀರಿನ ಕುದಿಬಿಂದುವೇ 96.96ಕ್ಕೆ ಇಳಿದಿತ್ತು. ದ್ರಾವಣವು ಅದಕ್ಕಿಂತ 0.20 ಮೇಲೆ, 97.16ಕ್ಕೆ ಕುದಿಯಿತು. ಅವನ ಪುಸ್ತಕದಲ್ಲಿ ಏರಿಕೆ 0.11. ಅದನ್ನು 0.50ರಿಂದ ಭಾಗಿಸಿದರೆ ಮೋಲಾಲಿಟಿ 0.22, ಅರ್ಧ ಕಿಲೋಗ್ರಾಂ ನೀರಿನಲ್ಲಿ 0.11 ಮೋಲ್. 36ನ್ನು 0.11ರಿಂದ ಭಾಗಿಸಿ ಅವನು ಅಣುತೂಕ 327 ಎಂದು ಬರೆಯುತ್ತಾನೆ. ಸಕ್ಕರೆಯ 342ಕ್ಕೆ ಇದು ಹತ್ತಿರವಾಗಿರುವುದರಿಂದ, ಪ್ರಯೋಗದಲ್ಲಿ ಇಷ್ಟು ತಪ್ಪು ಸಹಜವೆಂದುಕೊಂಡು, ಸೀಸೆಯಲ್ಲಿದ್ದುದು ಸಕ್ಕರೆಯೆಂದೇ ತೀರ್ಮಾನಿಸುತ್ತಾನೆ. ನೀರನ್ನೂ ದ್ರಾವಣವನ್ನೂ ಒಂದೇ ಗಂಟೆಯೊಳಗೆ ಕುದಿಸಿದ್ದರೆ ಏರಿಕೆ 0.20 ಬಂದು, 0.20 ಮೋಲ್ ಸಿಕ್ಕಿ, ಅಣುತೂಕ 180 ಎಂದು ಸರಿಯಾಗಿ ದೊರೆಯುತ್ತಿತ್ತು. ಹೊತ್ತು ತಪ್ಪಿಹೋದ ಮೇಲೂ ದಾರಿಯಿದೆ: ಎರಡು ಸಲವೂ ವಾಯುಭಾರಮಾಪಕವನ್ನು ನೋಡಿ ಬರೆದಿಟ್ಟಿದ್ದರೆ, ಇಳಿದ ಪ್ರತಿ ಮಿಲಿಮೀಟರಿಗೆ 0.04 ಡಿಗ್ರಿಯಂತೆ ಏರಿಕೆಗೆ ಕೂಡಿಸಿಕೊಳ್ಳಬಹುದು.

ಇಂಥ ಸಣ್ಣ ಅಂತರಗಳಿಗೆ ಮಾಮೂಲಿ ಉಷ್ಣಮಾಪಕ ಸಾಲದು. ಜರ್ಮನಿಯ ಬೆಕ್‌ಮನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದಕ್ಕೆಂದೇ ಒಂದು ಉಷ್ಣಮಾಪಕವನ್ನು ಮಾಡಿದನು. ಅದರ ಪಟ್ಟಿಯ ಮೇಲೆ ಐದಾರು ಡಿಗ್ರಿಗಳು ಮಾತ್ರವಿದ್ದು, ಒಂದೊಂದನ್ನೂ ನೂರು ಭಾಗ ಮಾಡಿರುತ್ತದೆ. ಗುಂಡಿನಲ್ಲಿರುವ ಪಾದರಸವನ್ನು ಹೆಚ್ಚುಕಡಮೆ ಮಾಡಿ ಅದನ್ನು ಬೇಕಾದ ಉಷ್ಣತೆಗೆ ಹೊಂದಿಸಿಕೊಳ್ಳಬಹುದು. ನೀರು ಎಷ್ಟು ಡಿಗ್ರಿಗೆ ಕುದಿಯಿತೆಂದು ಅದು ಹೇಳುವುದೇ ಇಲ್ಲ. ನೀರಿಗೂ ದ್ರಾವಣಕ್ಕೂ ಎಷ್ಟು ಅಂತರವೆಂದು ಮಾತ್ರ ಹೇಳುತ್ತದೆ. ಸೂತ್ರ ಕೇಳುವುದೂ ಅದನ್ನೇ. ಗುಂಡನ್ನು ಮಾತ್ರ ದ್ರವದೊಳಗೇ ಇಡಬೇಕು. ಆವಿಯಲ್ಲಿ ತೂಗಿಬಿಟ್ಟರೆ ಆವಿ ಅದರ ಮೇಲೆ ತಣಿದು ಶುದ್ಧ ನೀರಿನ ತೆಳುಪೊರೆಯಾಗುತ್ತದೆ. ಆಗ ಉಷ್ಣಮಾಪಕ ತೋರಿಸುವುದು ಆ ನೀರಿನ ಕುದಿಬಿಂದುವನ್ನೇ. ಏರಿಕೆ ಸೊನ್ನೆ ಎಂದು ಬಂದರೆ ಮೊದಲು ಇದನ್ನು ಶಂಕಿಸಬೇಕು.

ಕಡೆಯದಾಗಿ ಅಡಿಗೆಮನೆಯ ಒಂದು ಲೆಕ್ಕ. ಎಸರಿಗೆ ಉಪ್ಪು ಹಾಕಿದರೆ ಅದು ಹೆಚ್ಚು ಬಿಸಿಯಾಗಿ ಕುದಿದು ಬೇಳೆ ಬೇಗ ಬೇಯುತ್ತದೆ ಎಂಬ ಮಾತಿದೆ. ಒಂದು ಲೀಟರ್ ನೀರಿಗೆ 10 ಗ್ರಾಂ ಉಪ್ಪು ಹಾಕಿದರೆ, ಉಪ್ಪಿನ ಸೂತ್ರತೂಕ 58.5 ಆದ್ದರಿಂದ, 0.17 ಮೋಲ್. ಆದರೆ ಉಪ್ಪು ಕರಗಿದಾಗ ಸೋಡಿಯಂ ಒಂದು, ಕ್ಲೋರೈಡ್ ಒಂದು ಎಂದು ಎರಡಾಗಿ ಬಿಡಿಯಾಗುತ್ತದೆ. ತಲೆಯೆಣಿಕೆಯಲ್ಲಿ ಎರಡೂ ಲೆಕ್ಕಕ್ಕೆ ಬರುವುದರಿಂದ 0.34 ಎಂದು ಹಿಡಿಯಬೇಕು. ವಾಂಟ್ ಹಾಫ್ ಅಂಶವೆಂದು ಪುಸ್ತಕ ಹೇಳುವುದು ಈ ಎರಡರ ಗುಣಕವನ್ನೇ. 0.50ರಿಂದ ಗುಣಿಸಿದರೆ ಏರಿಕೆ 0.17 ಡಿಗ್ರಿ. ಬೇಳೆಗೆ ಇದು ಗೊತ್ತೂ ಆಗುವುದಿಲ್ಲ.

ಬೆಂಗಳೂರಿನ ಎತ್ತರದಿಂದ ಕಳೆದುಹೋದ 3 ಡಿಗ್ರಿಯನ್ನು ಉಪ್ಪಿನಿಂದಲೇ ಮರಳಿ ಪಡೆಯಬೇಕೆಂದರೆ, 3ನ್ನು 0.50ರಿಂದ ಭಾಗಿಸಿ 6 ಮೋಲ್ ಕಣಗಳು, ಅಂದರೆ 3 ಮೋಲ್ ಉಪ್ಪು, ಅಂದರೆ ಒಂದು ಲೀಟರಿಗೆ ಸುಮಾರು 175 ಗ್ರಾಂ ಬೇಕು. ಸೂತ್ರವು ತೆಳುವಾದ ದ್ರಾವಣಗಳಿಗೆ ಹೇಳಿದ್ದು. ಇಷ್ಟು ಗಟ್ಟಿಯಾದ ಉಪ್ಪುನೀರಿಗೆ ಈ ಉತ್ತರ ಅಂದಾಜು ಮಾತ್ರ. ಅಂದಾಜಾದರೂ ಅಂಥ ಸಾರನ್ನು ಯಾರೂ ಉಣ್ಣಲಾರರು. ಅದೇ ಕೆಲಸವನ್ನು ಪ್ರೆಷರ್ ಕುಕ್ಕರ್ ಕಣಗಳ ಗೊಡವೆಯಿಲ್ಲದೆ ಮಾಡುತ್ತದೆ. ಅದು ಏರಿಸುವುದು ನೀರಿನ ಮೇಲಿನ ಒತ್ತಡವನ್ನು. ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನಷ್ಟು ಒತ್ತಡ ಹೆಚ್ಚಿದಾಗ ನಮ್ಮ ಊರಿನಲ್ಲಿ ಒಳಗಿನ ನೀರು ಸುಮಾರು 118 ಡಿಗ್ರಿಗೆ ಕುದಿಯುತ್ತದೆ. ಕಡಲತೀರದಲ್ಲಿ ಅದೇ ಕುಕ್ಕರು 120 ಡಿಗ್ರಿಯನ್ನು ಮುಟ್ಟುತ್ತದೆ. ಕುಕ್ಕರಿನ ತೂಕವು ಏರಿಕೆಯನ್ನು ಗೊತ್ತುಮಾಡುತ್ತದೆ. ಯಾವ ಮಟ್ಟದಿಂದ ಏರಿಕೆ ಎಂಬುದನ್ನು ಅಲ್ಲಿಯೂ ಊರೇ ಗೊತ್ತುಮಾಡುತ್ತದೆ.